ಸಹಾಯ ಬೇಕು: ಚರಣದ ತುಣುಕಷ್ಟೇ ನೆನಪಿರುವ ದೇವರನಾಮದ ಪಲ್ಲವಿ ಯಾವುದು?

ಎಲ್ಲರಿಗೂ ನಮಸ್ಕಾರ. ಬಾಲಕೃಷ್ಣನನ್ನು ಕುರಿತ ಒಂದು ದೇವರನಾಮವನ್ನು ಹುಡುಕುತ್ತಿದ್ದೇನೆ. ಚಿಕ್ಕಂದಿನಲ್ಲಿ ರೇಡಿಯೊದಲ್ಲಿ ಹೆಣ್ಣುದನಿಯಲ್ಲಿ ಕೇಳಿದ್ದು. ಗಾಯಕಿಯ ಹೆಸರು ನೆನಪಿಲ್ಲ. ಉಳಿದಿರುವುದು ನಡುವಿನ ಚರಣದ "ಹೊಸ್ತಿಲ ದಾಟಿದ ಪಾದವ ತೋರೋ", "ಬೆಣ್ಣೆಯ ಕೈಯನು ಒರೆಸುವೆ ಬಾರೋ" ಎಂಬ ಎರಡು ತುಣುಕುಗಳು ಮಾತ್ರ, ಅವುಗಳಲ್ಲಿಯೂ ಒಂದೆರಡು ಪದಗಳು ತಪ್ಪಿರಬಹುದು.

ಕೀರ್ತನ ಸಂಪುಟಗಳ ಅಕಾರಾದಿ ಸೂಚಿಯನ್ನು ನೋಡಿದೆ. ಅಲ್ಲಿ ಹಾಡುಗಳು ಪಲ್ಲವಿಯ ಮೊದಲ ಪದದಿಂದ ಜೋಡಣೆಗೊಂಡಿರುವುದರಿಂದ ಚರಣದ ಪದಗಳನ್ನು ಹಿಡಿದು ಹೋದವರಿಗೆ ದಾರಿ ಸಿಗುವುದಿಲ್ಲ. ಧಾಟಿಯನ್ನೂ ನೆಚ್ಚುವಂತಿಲ್ಲ, ಏಕೆಂದರೆ ಒಂದೇ ಪದವನ್ನು ಬೇರೆ ಬೇರೆ ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ. ಅಂತರ್ಜಾಲದಲ್ಲಿ "ದಾಟಿದ" ಎಂಬುದನ್ನು "ದಾಂಟಿದ" ಎಂದೂ ಬದಲಿಸಿ ಹುಡುಕಿದೆ, ಫಲ ಸಿಗಲಿಲ್ಲ.

ಕೊನೆಯ ಚರಣದ ಅಂಕಿತವೇ ನನ್ನ ಮುಖ್ಯ ಗೊಂದಲ. "ವಿಠಲ" ಎಂಬುದು ಸ್ಪಷ್ಟವಾಗಿ ನೆನಪಿದೆ, ಅದರ ಹಿಂದಿನ ಪದ ಮರೆತಿದೆ. ಪುರಂದರವಿಠಲ ಎಂದಿದ್ದರೆ ಪುರಂದರದಾಸರದು, ವಿಜಯವಿಠಲ ಎಂದಿದ್ದರೆ ವಿಜಯದಾಸರದು, ಗೋಪಾಲವಿಠಲ ಎಂದಿದ್ದರೆ ಗೋಪಾಲದಾಸರದು. ಹೀಗಾಗಿ ಯಾರ ಸಂಪುಟವನ್ನು ಸಾಲುಸಾಲಾಗಿ ಓದಬೇಕೆಂಬುದೇ ತಿಳಿಯುತ್ತಿಲ್ಲ.

ಈ ಸಾಲುಗಳನ್ನು ಹೋಲುವ ಚರಣವುಳ್ಳ ಹಾಡಿನ ಪಲ್ಲವಿ ಯಾವುದು, ಅದರ ಪೂರ್ಣ ಅಂಕಿತವೇನು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸುವಿರಾ?