6 ದಿನಕ್ಕೆ ಮಾತ್ರ ಮೇಕಿಂಗ್ ಕ್ಯಾಮೆರಾ ಸಿಕ್ಕಿದೆ, ಯಾವ್ಯಾವ ದಿನ ಕರೆಸೋದು?

ಪ್ರಶ್ನೆ (ಅಸಿಸ್ಟೆಂಟ್ ಡೈರೆಕ್ಟರ್):
ನಮಸ್ಕಾರ ಎಲ್ರಿಗೂ. ಮುಂದಿನ ತಿಂಗಳು ಸಾಗರದ ಕಡೆ 20 ದಿನದ ಶೆಡ್ಯೂಲ್ ಇದೆ, ಚಿಕ್ಕ ಬಜೆಟ್ ಸಿನಿಮಾ, ಸಿಂಕ್ ಸೌಂಡ್. ಕುಂಬಳಕಾಯಿ ಒಡೆದ್ಮೇಲೆ ಎಲ್ರನ್ನೂ ಕೂರಿಸಿ ಬೈಟ್ ತಗೊಂಡ್ರೆ ಮೇಕಿಂಗ್ ವಿಡಿಯೋ ಆಯ್ತಲ್ಲ ಅಂತಾರೆ ಪ್ರೊಡ್ಯೂಸರ್. ನಂಗೆ ಶೂಟಿಂಗ್ ನಡೀತಿರುವಾಗ್ಲೇ ಹಿಡೀಬೇಕು ಅಂತ ಆಸೆ. ಕೊನೆಗೂ ಒಬ್ಬ ಹುಡುಗ, ಒಂದು ಮಿರರ್‌ಲೆಸ್ ಕ್ಯಾಮೆರಾ, 6 ದಿನ ಅಂತ ಒಪ್ಪಿಸಿದೀನಿ. ಆ 6 ದಿನ ಹೇಗೆ ಆರಿಸೋದು? ನಮ್ಮಲ್ಲಿ ದೊಡ್ಡ ಸೀನ್ ಅಂದ್ರೆ ಹಳೇ ಮನೆ ಅಂಗಳದಲ್ಲಿ ರಾತ್ರಿ ಮಳೆ, ಟ್ಯಾಂಕರ್ ತರಿಸಿ ಮಾಡ್ತಿದೀವಿ.

ಶಾರ್ಟ್ ಫಿಲ್ಮ್ ಮಾಡೋರು:
ಬ್ರೋ ಆ ಹುಡುಗನೇ ಬೇಡ. ಯೂನಿಟ್‌ನಲ್ಲಿ ಎಲ್ರ ಹತ್ರನೂ ಫೋನ್ ಇದೆ, ಸಿಕ್ಕಿದ್ದೆಲ್ಲ ಶೂಟ್ ಮಾಡಿ ಅಂತ ಹೇಳ್ಬಿಡಿ, ಹಾರ್ಡ್ ಡಿಸ್ಕ್ ಈಗ ಅಗ್ಗ, ಎಡಿಟಿಂಗ್‌ನಲ್ಲಿ ಕಥೆ ತಾನಾಗೇ ಸಿಗುತ್ತೆ.

ಎಡಿಟರ್ (ಮೇಕಿಂಗ್, ಪ್ರೋಮೋ ಕೆಲಸ ಮಾಡೋರು):
ಫೋನಿನ ವಿಷ್ಯ ಅರ್ಧ ನಿಜ, ಅದಕ್ಕೆ ಆಮೇಲೆ ಬರ್ತೀನಿ. ಆದ್ರೆ ಕಥೆ ತಾನಾಗೇ ಸಿಗಲ್ಲ ಅನ್ನೋದು ಎಡಿಟಿಂಗ್ ಟೇಬಲ್ ಮುಂದೆ ಕೂತೋರಿಗೆ ಗೊತ್ತು. 40 ಗಂಟೆ ಫುಟೇಜ್ ಬರುತ್ತೆ, ತೆಗೆದು ನೋಡಿದ್ರೆ ಟ್ರಾಲಿ ಹೋಗ್ತಿದೆ, ಮಾನಿಟರ್ ಮುಂದೆ ಡೈರೆಕ್ಟರ್ ತಲೆ ಕೆರ್ಕೋತಿದಾರೆ, ಹೀರೋ ನಗ್ತಾ ಟೀ ಕುಡೀತಿದಾರೆ. ಯಾವ ಸಿನಿಮಾಗೆ ಹಾಕಿದ್ರೂ ನಡೆಯುತ್ತೆ ಅದು.

ನಿಮ್ಮ ಪ್ರಶ್ನೆಗೆ ಬರ್ತೀನಿ. ಮೊದ್ಲು ಶೆಡ್ಯೂಲ್ ಚಾರ್ಟ್ ತಗೊಂಡು ಕೂತ್ಕೊಂಡು ಪ್ರತಿ ಸೀನ್ ಮುಂದೆ, ಇದು ಆಗುತ್ತೋ ಇಲ್ವೋ ಅನ್ನೋ ಭಯ ಯಾರಿಗಿದೆ ಅಂತ ಬರೀರಿ. ಯಾರಿಗೂ ಭಯ ಇಲ್ದಿರೋ ಸೀನ್ ಎಷ್ಟೇ ದೊಡ್ಡದಾಗಿರ್ಲಿ ಬಿಟ್ಟಾಕಿ. ನಿಮ್ಮ ಮಳೆ ಸೀನ್ ಬಗ್ಗೆ ಕ್ಯಾಮೆರಾಮನ್‌ಗೆ ಭಯ, ಸೌಂಡ್‌ನೋರಿಗೆ ಭಯ, ಕಾಸ್ಟ್ಯೂಮ್‌ನೋರಿಗೆ ಭಯ, ಪ್ರೊಡಕ್ಷನ್ ಮ್ಯಾನೇಜರ್‌ಗೆ ಟ್ಯಾಂಕರ್ ಖರ್ಚಿನ ಭಯ. ಹಾಗಾಗಿ ನಾನಾಗಿದ್ರೆ 6ರಲ್ಲಿ 4 ದಿನ ಆ ಒಂದೇ ಸೀನ್‌ಗೆ ಕೊಡ್ತೀನಿ.

ಮೊದ್ಲನೇ ದಿನ ಶೂಟಿಂಗ್‌ಗೂ ಮುಂಚೆ, ಟೆಕ್ನಿಕಲ್ ರೆಕ್ಕಿಗೆ. ಅಂಗಳ ಖಾಲಿ ಇರುತ್ತೆ, ಪೈಪ್ ಎಲ್ಲಿ ಕಟ್ಟೋದು, ಹೆಂಚು ತಡ್ಕೊಳ್ಳುತ್ತಾ, ಟ್ಯಾಂಕರ್ ಆ ಓಣಿಯೊಳಗೆ ಬರುತ್ತಾ ಅಂತ ನಿಂತ್ಕೊಂಡು ವಾದ ಮಾಡ್ತಿರ್ತಾರೆ, ಆ ಮಾತು ಬೇಕು. ಅವತ್ತೇ ಖಾಲಿ ಅಂಗಳದ ಒಂದು ಶಾಟ್ ಟ್ರೈಪಾಡ್ ಮೇಲೆ ತಗೊಂಡು, ಟ್ರೈಪಾಡ್ ಇಟ್ಟ ಜಾಗದ ಫೋಟೋನೂ ಇಟ್ಕೊಳ್ಳಿ, ಶೂಟಿಂಗ್ ರಾತ್ರಿ ಅಲ್ಲಿಂದ್ಲೇ ಇನ್ನೊಂದು ಸಲ ತೆಗೀಬೇಕು. ಈ ಮೊದ್ಲಿನ ದಿನ ತಪ್ಪಿದ್ರೆ ಮತ್ತೆ ಯಾವ ದುಡ್ಡು ಕೊಟ್ರೂ ಸಿಗಲ್ಲ.

ಎರಡನೇದು ಪೈಪ್ ಕಟ್ಟಿ ಟೆಸ್ಟ್ ಮಾಡೋ ಸಂಜೆ. ಮುಂದಿನಿಂದ ಲೈಟ್ ಹಾಕಿದ್ರೆ ಅಷ್ಟು ನೀರು ಸುರೀತಿದ್ರೂ ಕ್ಯಾಮೆರಾದಲ್ಲಿ ಮಳೆ ಸರಿಯಾಗಿ ಕಾಣಲ್ಲ, ಹಿಂದಿನಿಂದ ಹಾಕಿದ ಕೂಡ್ಲೇ ಒಂದೊಂದು ಹನಿನೂ ಬೆಳ್ಳಗೆ ಹೊಳಿಯುತ್ತೆ. ನಿಮ್ಮ ಹುಡುಗ ಒಂದೇ ಕಡೆ ನಿಂತು, ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲಿಟ್ಟು, ಆ ಲೈಟ್ ಬದ್ಲಾಗೋವರೆಗೂ ಕಟ್ ಮಾಡ್ದೆ ಹಿಡೀಬೇಕು. ಆಟೋದಲ್ಲಿಟ್ರೆ ಕ್ಯಾಮೆರಾನೇ ಸರಿಮಾಡ್ಕೊಂಡು ವ್ಯತ್ಯಾಸನೇ ನುಂಗಿಬಿಡುತ್ತೆ. ಆ 20 ಸೆಕೆಂಡ್ ಇದ್ರೆ ಕ್ಯಾಮೆರಾಮನ್ ಬಾಯಿಬಿಟ್ಟು ಏನೂ ಹೇಳೋದೇ ಬೇಡ.

ಮೂರನೇದು ಶೂಟಿಂಗ್ ರಾತ್ರಿ. ಇಲ್ಲಿ ಕಾಸ್ಟ್ಯೂಮ್‌ನೋರ ಹಿಂದೆ ಹೋಗಿ. ಒಣಗಿದ ಶರ್ಟ್‌ನಲ್ಲಿ ಮಳೆಗೆ ಓಡಿ ಬರೋ ಶಾಟ್ ಇದೆ ಅಂದ್ಕೊಳ್ಳಿ, ಒಂದೇ ಥರದ ಶರ್ಟ್ ಎಷ್ಟಿದೆಯೋ ಅಷ್ಟೇ ಟೇಕ್, ಆಮೇಲೆ ಒಣಗಿಸೋಕೆ ಕೂರ್ಬೇಕು. ಮೂರು ಶರ್ಟ್ ಹ್ಯಾಂಗರ್‌ನಲ್ಲಿ ನೇತಾಡ್ತಿರೋದನ್ನ ಮೊದ್ಲು ತೋರಿಸಿ, ಒಂದೊಂದು ಟೇಕ್ ಆದಾಗ್ಲೂ ಆ ಹ್ಯಾಂಗರ್ ಹತ್ರ ವಾಪಸ್ ಹೋಗಿ. ಎರಡು ಖಾಲಿಯಾಗಿ ಒಂದು ಉಳಿದಾಗ ಡೈರೆಕ್ಟರ್ ಮುಖ ಹೇಗಿತ್ತು ಅನ್ನೋದು ನಿಮ್ಮ ಮೇಕಿಂಗ್‌ನ ಕ್ಲೈಮ್ಯಾಕ್ಸ್. ಟೇಕ್ ನಡೀವಾಗ ಹುಡುಗ ಮೇನ್ ಕ್ಯಾಮೆರಾ ಹಿಂದೆನೇ ಇರ್ಲಿ, ಆಕ್ಟರ್ ಕಣ್ಣಿಗೆ ಬೀಳ್ಬಾರ್ದು, ಬೀಪ್ ಆಫ್, ಫೋಕಸ್ ಲ್ಯಾಂಪ್ ಆಫ್.

ನಾಲ್ಕನೇದು ತಿಂಗಳಾದ್ಮೇಲೆ ಬರುತ್ತೆ. ಪಂಪಿನ ಸದ್ದಿಗೆ ಆ ರಾತ್ರಿ ಡೈಲಾಗ್ ಹಾಳಾಗೋ ಚಾನ್ಸ್ ಜಾಸ್ತಿ, ಆಗಿದ್ರೆ ಡಬ್ಬಿಂಗ್ ಮಾಡೋ ದಿನಕ್ಕೆ ಕ್ಯಾಮೆರಾ ಕರೆಸಿ. ಮಳೇಲಿ ನಡುಗ್ತಾ ಹೇಳಿದ್ ಮಾತನ್ನ ಎಸಿ ರೂಮಲ್ಲಿ ನಿಂತು ಮತ್ತೆ ಹೇಳೋದು ನೋಡೋಕೇ ಚೆನ್ನಾಗಿರುತ್ತೆ. ಉಳಿದ ಎರಡರಲ್ಲಿ ಒಂದು ಯಾವ್ದಾದ್ರೂ ಸಾಧಾರಣ ದಿನ, ಬೆಳಿಗ್ಗೆ ತಿಂಡಿಯಿಂದ ಪ್ಯಾಕಪ್ ತನಕ. ಇನ್ನೊಂದನ್ನ ಕೈಯಲ್ಲೇ ಇಟ್ಕೊಳ್ಳಿ, ಸಾಗರದಲ್ಲಿ ನಿಜವಾದ ಮಳೆ ಬಂದು ಬಿಸಿಲಿನ ಸೀನ್ ಕೆಟ್ರೆ ಅವತ್ತು ಬೇಕಾಗುತ್ತೆ. ಮುಹೂರ್ತಕ್ಕೆ ದಿನ ಕೊಡ್ಬೇಡಿ, ಅದು ಎಲ್ರ ಫೋನಲ್ಲೂ ಇರುತ್ತೆ.

ಮದುವೆ ವಿಡಿಯೋ ಮಾಡೋರು:
ನಾವು ಮದುವೆಗೆ ಮೂರು ಕ್ಯಾಮೆರಾ ಒಂದು ಡ್ರೋನ್ ಇಡ್ತೀವಿ ಸರ್, ಸಂಜೆ ರಿಸೆಪ್ಷನ್ ಹೊತ್ತಿಗೆ ಬೆಳಿಗ್ಗೆದು ಹೈಲೈಟ್ಸ್ ಎಲ್‌ಇಡಿ ಮೇಲೆ ಓಡ್ತಿರುತ್ತೆ. ನಿಮ್ದೂ ಸ್ಲೋ ಮೋಷನ್‌ನಲ್ಲಿ ಶೂಟ್ ಮಾಡಿ ಒಳ್ಳೆ ಮ್ಯೂಸಿಕ್ ಹಾಕಿದ್ರೆ 3 ನಿಮಿಷದ್ದು ಸಖತ್ತಾಗಿ ಬರುತ್ತೆ. ರೇಟ್ ಬೇಕಿದ್ರೆ ಇನ್‌ಬಾಕ್ಸ್ ಮಾಡಿ.

ಎಡಿಟರ್:
ಅಣ್ಣ, ಅವರು ಕೇಳ್ತಿರೋದು ಟೀಸರ್ ಥರದ್ದಲ್ಲ. ಸ್ಲೋ ಮೋಷನ್ ಬೇಡ ಅನ್ನೋಕೆ ಇನ್ನೊಂದು ಕಾರಣನೂ ಇದೆ, ತುಂಬ ಕ್ಯಾಮೆರಾಗಳಲ್ಲಿ ಆ ಮೋಡಿಗೆ ಹೋದ್ರೆ ಆಡಿಯೋ ರೆಕಾರ್ಡ್ ಆಗಲ್ಲ, ಮೇಕಿಂಗ್‌ಗೆ ಮಾತೇ ಮುಖ್ಯ. ಸಿನಿಮಾ 24 ಫ್ರೇಮ್‌ನಲ್ಲಿದ್ರೆ ಇದೂ 24ರಲ್ಲೇ ಇರ್ಲಿ, ಶಟರ್ 50ಕ್ಕೆ ಇಟ್ರೆ ನಮ್ ಕರೆಂಟಿನ ಲೈಟ್‌ಗಳು ಮಿಣುಕಲ್ಲ.

ಸೌಂಡ್ ರೆಕಾರ್ಡಿಸ್ಟ್:
ಮೇಡಂ ಹೇಳಿದ್ದು ಸರಿ, ಆದ್ರೆ ಡಬ್ಬಿಂಗ್ ಅಂತ ಮೊದ್ಲೇ ಕೈ ತೊಳ್ಕೊಂಡ್ರೆ ನಮಗೆ ಬೇಜಾರಾಗುತ್ತೆ 😄 ಪಂಪು, ಜನರೇಟರ್ ಎರಡನ್ನೂ ಮನೆ ಹಿಂದೆ ದೂರ ಇಟ್ಟು ಉದ್ದ ಪೈಪ್ ಎಳೆದ್ರೆ ಎಷ್ಟೋ ಉಳಿಯುತ್ತೆ, ಹನಿ ಬೀಳೋ ಕಡೆ ಕ್ಯಾಮೆರಾಗೆ ಕಾಣದ ಹಾಗೆ ಗೋಣಿಚೀಲ ಹಾಸಿದ್ರೆ ಟಪಟಪ ಸದ್ದೂ ಕಮ್ಮಿ. ಅದನ್ನೂ ಶೂಟ್ ಮಾಡಿ, ಸೌಂಡ್‌ನೋರು ಮೇಕಿಂಗ್‌ನಲ್ಲಿ ಬೂಮ್ ಹಿಡಿದು ನಿಂತಿರೋದು ಬಿಟ್ರೆ ಎಲ್ಲೂ ಕಾಣಲ್ಲ.

ಆಮೇಲೆ ಮೇಕಿಂಗ್ ಹುಡುಗ ನಂಗೆ ಹೇಳದೆ ಡೈರೆಕ್ಟರ್ ಕಾಲರ್‌ಗೆ ಮೈಕ್ ಸಿಗಿಸೋದು ಬೇಡ. ಬಂದು ಕೇಳಿದ್ರೆ, ಡೈರೆಕ್ಟರ್ ಕೇಳಿಸ್ಕೊಳ್ಳೋ ರಿಸೀವರ್ ಥರದ್ದೇ ಇನ್ನೊಂದು ಸ್ಪೇರ್ ಇದ್ರೆ ಕೊಡ್ತೀವಿ, ಅದರಿಂದ ನೇರ ಅವನ ಕ್ಯಾಮೆರಾಗೆ ಕೇಬಲ್, ಆಕ್ಟರ್ ಮಾತು ಕ್ಲೀನಾಗಿ ಬರುತ್ತೆ. ಲೆವೆಲ್ ಮಾತ್ರ ಮೊದ್ಲು ಚೆಕ್ ಮಾಡ್ಕೋಬೇಕು, ಹೆಡ್‌ಫೋನ್ ಔಟ್ ಮೈಕ್ ಇನ್‌ಪುಟ್‌ಗೆ ಜೋರಾಗಿ ಹೊಡೆದು ಒಡೆದ್ಹೋಗುತ್ತೆ. ಇನ್ನೊಂದು, ಮೈಕ್ ಹಾಕ್ಕೊಂಡಿರೋರು ಟೀ ಬ್ರೇಕ್‌ನಲ್ಲಿ ಆಡಿದ ಮಾತೂ ಅದರಲ್ಲಿ ಬರುತ್ತೆ. ಅದನ್ನ ರೆಕಾರ್ಡ್ ಮಾಡ್ಕೊಳ್ಳೋದು ಮರ್ಯಾದೆ ಅಲ್ಲ, ಕಟ್ ಅಂದ ಮೇಲೆ ಕೇಬಲ್ ಕಿತ್ತಿಡ್ಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ, ಸರ್. ಬೈಟ್ ವಿಷ್ಯ? ಪ್ರೊಡ್ಯೂಸರ್‌ಗೆ ಬೈಟ್ ಬೇಕೇ ಬೇಕಂತೆ. ಆಮೇಲೆ ಶೂಟಿಂಗ್‌ನಲ್ಲಿ ಹುಡುಗ ಇಲ್ಲದ ದಿನ ಏನ್ ಮಾಡೋದು?

ಎಡಿಟರ್:
ಬೈಟ್ ಬೇಡ ಅಂದಿಲ್ಲ, ಯಾವಾಗ ಅನ್ನೋದೇ ವಿಷ್ಯ. ಎಲ್ಲಾ ಮುಗಿದ್ಮೇಲೆ ಕೂರಿಸಿದ್ರೆ ಮೇಕಪ್‌ನೋರಿಂದ ಹೀರೋವರೆಗೂ ಎಲ್ರೂ "ಒಂದು ಫ್ಯಾಮಿಲಿ ಥರ ಇದ್ವಿ" ಅಂತಾರೆ, ಸುಳ್ಳಲ್ಲ ಪಾಪ, ಅಷ್ಟೊತ್ತಿಗೆ ಕಷ್ಟ ಮರ್ತೋಗಿರುತ್ತೆ. ಟೆಸ್ಟ್ ಸಂಜೆ ಕ್ಯಾಮೆರಾಮನ್‌ನ ನಿಂತಲ್ಲೇ ಎರಡು ನಿಮಿಷ ಹಿಡ್ಕೊಂಡು, ನಾಳಿದ್ದು ಯಾವ್ದು ಕೈಕೊಡಬಹುದು ಅಂತ ಕೇಳಿ. ಶೂಟ್ ಆದ ರಾತ್ರಿನೇ, ಒದ್ದೆ ಜಾಕೆಟ್ ಬಿಚ್ಚೋ ಮುಂಚೆ, ಅಂದ್ಕೊಂಡಿದ್ದರಲ್ಲಿ ಏನ್ ಬದಲಾಯಿಸಬೇಕಾಯ್ತು ಅಂತ ಕೇಳಿ. ಈ ಎರಡೂ ಉತ್ತರ ಪಕ್ಕಪಕ್ಕ ಇಟ್ರೆ ವಾಯ್ಸ್ ಓವರ್ ಬೇಕಾಗಲ್ಲ. ಆಕ್ಟರ್‌ನ ಮಾತ್ರ ಸೀನಿಗೆ ಮುಂಚೆ ಮುಟ್ಬೇಡಿ, ಪ್ಯಾಕಪ್ ಆದ್ಮೇಲೆ ಮೇಕಪ್ ತೆಗೀವಾಗ ಒಳ್ಳೆ ಟೈಮು.

ಹುಡುಗ ಇಲ್ಲದ ದಿನಕ್ಕೆ ಫೋನೇ ಗತಿ, ಮೇಲೆ ಅವರು ಹೇಳಿದ್ದು ಇಲ್ಲಿಗೆ ಸರಿ. ಆದ್ರೆ ಎಲ್ರೂ ಬೇಡ, ಆರ್ಟ್, ಕಾಸ್ಟ್ಯೂಮ್, ಡೈರೆಕ್ಷನ್ ಟೀಮಿಂದ ಒಬ್ಬೊಬ್ರು ಸಾಕು. ಫೋನ್ ಅಡ್ಡ ಹಿಡೀಬೇಕು, ಒಂದು ಶಾಟ್ ಕಮ್ಮಿ ಅಂದ್ರೂ 10 ಸೆಕೆಂಡ್ ಇರ್ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೋ ಥರ ಕಳಿಸಿದ್ರೆ ಕ್ವಾಲಿಟಿ ಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸ್ಲಿ, ಇಲ್ಲ ಪ್ಯಾಕಪ್ ಆದ್ಮೇಲೆ ಕೇಬಲ್‌ನಲ್ಲಿ ಕಾಪಿ ಮಾಡ್ಕೊಳ್ಳಿ. ಹುಡುಗನ ಕಾರ್ಡೂ ಅಷ್ಟೇ, ಅವತ್ತವತ್ತೇ ಎರಡು ಡಿಸ್ಕ್‌ಗೆ. 100 ಎಂಬಿಪಿಎಸ್ 4ಕೆ ಅಂದ್ರೆ ಗಂಟೆಗೆ 45 ಜಿಬಿ, ಭಯ ಬೀಳೋ ಅಷ್ಟೇನಿಲ್ಲ. ಫೋಲ್ಡರ್‌ಗೆ ಶೂಟಿಂಗ್ ದಿನ, ಕ್ಲಾಪ್ ಬೋರ್ಡ್‌ನಲ್ಲಿರೋ ಸೀನ್ ನಂಬರ್ ಹೀಗೆ ಹಾಕಿ:

```
D09_SC42_RAIN_TEST
D11_SC42_RAIN_NIGHT
D11_SC42_BYTE_DOP
```

ಆಮೇಲೆ ಸಿನಿಮಾದ ಶಾಟ್ ಪಕ್ಕ ಇದನ್ನ ಹುಡುಕಿ ಹಾಕೋಕೆ ಈ ನಂಬರ್ ಬಿಟ್ರೆ ಬೇರೆ ದಾರಿ ಇಲ್ಲ. ಸಿನಿಮಾ ಎಡಿಟರ್‌ಗೂ ಈಗ್ಲೇ ಒಂದ್ಮಾತು ಹೇಳಿಡಿ, 42ನೇ ಸೀನಿನ ಕೆಟ್ಟ ಟೇಕ್‌ಗಳು, ಆಕ್ಷನ್‌ಗೆ ಮುಂಚೆ ಕಟ್‌ಗೆ ಆಮೇಲೆ ಓಡಿರೋ ಬಿಟ್ಸು ಎಲ್ಲಾ ಪ್ರಾಕ್ಸಿಯಲ್ಲಾದ್ರೂ ಎತ್ತಿಟ್ಕೊಳ್ಳಿ ಅಂತ. ಅಗ್ರಿಮೆಂಟ್‌ನಲ್ಲಿ ಮೇಕಿಂಗ್‌ಗೂ ಬಳಸ್ತೀವಿ ಅನ್ನೋ ಒಂದು ಸಾಲು ಇರ್ಲಿ, ಊರಿನೋರನ್ನ ಬಾಯಿಮಾತಲ್ಲಾದ್ರೂ ಕೇಳಿ.

ಅಸೋಸಿಯೇಟ್ ಡೈರೆಕ್ಟರ್:
ಎಲ್ಲಾ ಸರಿ ಮೇಡಂ, ಆದ್ರೆ ಆ ರಾತ್ರಿ ಡೈರೆಕ್ಟರ್‌ಗೂ ಕ್ಯಾಮೆರಾಮನ್‌ಗೂ ಜಗಳ ಹತ್ತುತ್ತೆ, ಯಾವ ಸೆಟ್‌ನಲ್ಲೂ ಹತ್ತುತ್ತೆ. ಆಗ ಹುಡುಗ ಕ್ಯಾಮೆರಾ ಎತ್ತಿದ್ರೆ ನಾನಂತೂ ಆಚೆ ಕಳಿಸ್ತೀನಿ. ಕ್ಯಾಮೆರಾ ಇದೆ ಅಂತ ಗೊತ್ತಾದ ಕೂಡ್ಲೇ ಜನ ನಾಟಕ ಶುರು ಮಾಡ್ತಾರೆ, ಇಲ್ಲಾಂದ್ರೆ ಹೇಳ್ಬೇಕಾದ್ದನ್ನ ಹೇಳಲ್ಲ. ಶೂಟಿಂಗ್ ಮುಖ್ಯ.

ಎಡಿಟರ್:
ಇದರಲ್ಲಿ ನಂಗೂ ನಿಮಗೂ ಹೊಂದಲ್ಲ ಸರ್. ಹಾಲಿವುಡ್ ಡೈರೆಕ್ಟರ್ ಕೊಪ್ಪೊಲಾ ಅವರ ಹೆಂಡತಿ ಎಲಿನೋರ್ ಫಿಲಿಪ್ಪೀನ್ಸ್‌ನಲ್ಲಿ ನಡೆದ "ಅಪೋಕ್ಯಾಲಿಪ್ಸ್ ನೌ" ಶೂಟಿಂಗ್‌ನಲ್ಲಿ ಗಂಡ ಒದ್ದಾಡ್ತಿರೋದನ್ನೇ ಹಿಡಿದ್ರು, ಶೂಟಿಂಗ್ ಆಗಿದ್ದು 1976-77ರಲ್ಲಿ, ಅದು ಡಾಕ್ಯುಮೆಂಟರಿಯಾಗಿ ಹೊರಗೆ ಬಂದಿದ್ದು 1991ಕ್ಕೆ. ಶೂಟ್ ಮಾಡೋದೇ ಬೇರೆ, ತೋರ್ಸೋದೇ ಬೇರೆ. ಜಗಳ ಆಡಿದ ಇಬ್ರೂ ಒಪ್ಪಿದ್ರೆ ಮಾತ್ರ ಎಡಿಟ್‌ಗೆ ಬರುತ್ತೆ ಅಂತ ಮೊದಲ ದಿನವೇ ಎಲ್ರ ಮುಂದೆ ಹೇಳ್ಬಿಡಿ.

ಅಸೋಸಿಯೇಟ್ ಡೈರೆಕ್ಟರ್:
ಎಲಿನೋರ್ ಮನೆಯವ್ರು ಮೇಡಂ, ಇವನು ದಿನಗೂಲಿ ಹುಡುಗ. ಕಾರ್ಡ್ ಯಾರ ಕೈಗೆ ಹೋಗುತ್ತೋ ಯಾರಿಗೆ ಗೊತ್ತು.

ಪ್ರಶ್ನೆ ಕೇಳಿದವರು:
ಕಾರ್ಡ್ ದಿನಾ ನನ್ನ ಹತ್ರನೇ ಇಟ್ಕೋತೀನಿ ಸರ್. ಜಗಳದ ವಿಷ್ಯ ಡೈರೆಕ್ಟರ್‌ನೇ ಕೇಳ್ತೀನಿ. ರೆಕ್ಕಿ ಈ ಭಾನುವಾರನೇ ಇದೆ, ಹುಡುಗನಿಗೆ ಬಸ್ ಬುಕ್ ಮಾಡ್ದೆ. ಕಾಸ್ಟ್ಯೂಮ್‌ನೋರಿಗೂ ಫೋನ್ ಮಾಡಿದ್ದೆ, ಶರ್ಟ್ ಇರೋದು ಎರಡೇ ಅಂತೆ.