ಇಂಟರಾಕ್ಷನ್ ಸೇರಿಸಿದ ತಕ್ಷಣ ಔಷಧದ ಪರಿಣಾಮ ಎಲ್ಲಿ ಹೋಯಿತು?

ಪ್ರಶ್ನೆ (ಪ್ರಾಜೆಕ್ಟ್ ವಿದ್ಯಾರ್ಥಿ): ಬಿಪಿ ಮೇಲೆ ಔಷಧ (0/1) ಮತ್ತು ವಯಸ್ಸಿನ ರಿಗ್ರೆಷನ್ ಮಾಡಿದೆ. ಔಷಧದ ಕೋಎಫಿಷಿಯಂಟ್ −6, ಪಿ-ವ್ಯಾಲ್ಯೂ ತುಂಬಾ ಚಿಕ್ಕದು. ಔಷಧ × ವಯಸ್ಸು ಸೇರಿಸಿದ ಮೇಲೆ ಅದು +4 ಆಯಿತು, ಪಿ 0.5. ಇಂಟರಾಕ್ಷನ್ −0.2, ಪಿ 0.1. ಔಷಧ ಕೆಲಸ ಮಾಡ್ತಿಲ್ವಾ? ಅನುಭವ ಇದ್ದವರು ಹೇಳಿ.

ಡೇಟಾ ಹುಡುಗ: ಇದು ಮಲ್ಟಿಕೊಲಿನಿಯಾರಿಟಿ. ಔಷಧಕ್ಕೂ ಗುಣಲಬ್ಧಕ್ಕೂ ಸಂಬಂಧ ಜಾಸ್ತಿ ಇರುತ್ತೆ. ವಯಸ್ಸನ್ನು ಸೆಂಟರ್ ಮಾಡಿ, ಎಲ್ಲ ಸರಿಹೋಗುತ್ತೆ. ಇಲ್ಲಾಂದ್ರೆ ಪಿ 0.5 ಇರೋ ಔಷಧವನ್ನೇ ತೆಗೆದುಬಿಡಿ.

ಹಳೆ ಅಂಕಿಅಂಶದವಳು: ತೆಗೆಯಬೇಡಿ. ಹಾಗೆ ಮಾಡಿದರೆ ವಯಸ್ಸು 0 ಇದ್ದಾಗ ಎರಡೂ ಗುಂಪಿನ ಗೆರೆಗಳು ಸೇರಲೇಬೇಕು ಎಂದು ನೀವೇ ಕಟ್ಟುಹಾಕಿದಂತೆ. ಈ +4 ಅಂದರೆ ವಯಸ್ಸು 0 ಇರುವವರಲ್ಲಿ ಔಷಧದ ಪರಿಣಾಮ. ನಿಮ್ಮ ರೋಗಿಗಳ ವಯಸ್ಸು ಎಷ್ಟರಿಂದ ಎಷ್ಟು?

ಪ್ರಾಜೆಕ್ಟ್ ವಿದ್ಯಾರ್ಥಿ: 30ರಿಂದ 75, ಸರಾಸರಿ 50 ಮೇಡಂ.

ಹಳೆ ಅಂಕಿಅಂಶದವಳು: ನೋಡಿ, ಯಾರೂ ಇಲ್ಲದ ಜಾಗದ ಬಗ್ಗೆ ಮಾಡೆಲ್ ಊಹಿಸುತ್ತಿದೆ. ಪಿ ದೊಡ್ಡದಾಗಿದ್ದು ಅದಕ್ಕೇ. 50ರಲ್ಲಿ 4 − 0.2 × 50, ಅಂದರೆ −6. 30ರಲ್ಲಿ −2, 70ರಲ್ಲಿ −10. ವಯಸ್ಸಿನ ಕೋಎಫಿಷಿಯಂಟ್ ಕೂಡ ಈಗ ಎಲ್ಲರದ್ದಲ್ಲ, ಔಷಧ ತೆಗೆದುಕೊಳ್ಳದವರದ್ದು ಮಾತ್ರ. ಹೀಗೆ ಓಡಿಸಿ:

```r
d$age50 <- d$age - 50
m <- lm(bp ~ drug * age50, data = d)
summary(m)
```

ಈಗ `drug` ಸಾಲಿನಲ್ಲಿ −6 ಬರುತ್ತೆ, ಅದರ ಸ್ಟ್ಯಾಂಡರ್ಡ್ ಎರರ್ ಕೂಡ ಸಣ್ಣದು. ಆದರೆ ಇಂಟರಾಕ್ಷನ್‌ನ −0.2, ಅದರ ಪಿ 0.1, ಆರ್-ಸ್ಕ್ವೇರ್, ಪ್ರತಿ ರೋಗಿಯ ಅಂದಾಜು ಬಿಪಿ, ಒಂದೂ ಬದಲಾಗಲ್ಲ. ಹಾಗಾಗಿ ಸೆಂಟರ್ ಮಾಡುವುದು ಒಳ್ಳೆಯದೇ, ಆದರೆ ಕಾಯಿಲೆ ಏನೂ ವಾಸಿಯಾಗಿಲ್ಲ. ಪ್ರಶ್ನೆ ಕೇಳುವ ಜಾಗ ಬದಲಾಯಿತು ಅಷ್ಟೇ.

ಲ್ಯಾಬ್ ಗೆಳತಿ: ನನ್ನ ಕೇಸಲ್ಲಿ ವಯಸ್ಸೇ ಇಲ್ಲ, ಔಷಧ × ಲಿಂಗ. ಸಾಫ್ಟ್‌ವೇರ್ ಅಕ್ಷರ ಕ್ರಮದಲ್ಲಿ `female` ಅನ್ನು ಮೊದಲಿಟ್ಟಿತ್ತು. `relevel()` ಮಾಡಿ `male` ಮೊದಲಿಟ್ಟೆ, ಔಷಧದ ಕೋಎಫಿಷಿಯಂಟ್ ಬೇರೆಯೇ ಬಂತು! ಯಾವುದು ನಿಜ?

ಹಳೆ ಅಂಕಿಅಂಶದವಳು: ಎರಡೂ. ಮೊದಲನೆಯದು ಹೆಂಗಸರಿಗೆ, ಎರಡನೆಯದು ಗಂಡಸರಿಗೆ.

ಪ್ರಾಜೆಕ್ಟ್ ವಿದ್ಯಾರ್ಥಿ: ಸರಿ, ಪಿ 0.1 ಅಲ್ವಾ, ಇಂಟರಾಕ್ಷನ್ ಇಟ್ಕೊಳ್ಳಲೋ ಬಿಡಲೋ?

ಡೇಟಾ ಹುಡುಗ: ಬಿಡಿ. 0.05 ದಾಟಿದೆ.

ಹಳೆ ಅಂಕಿಅಂಶದವಳು: ನಾನು ಬಿಡಲ್ಲ. ವಯಸ್ಸಿಗೆ ತಕ್ಕಂತೆ ಪರಿಣಾಮ ಬದಲಾಗಬಹುದು ಎಂದು ಮೊದಲೇ ಯೋಚಿಸಿದ್ದರೆ, 40, 50, 60, 70ರಲ್ಲಿ ಪರಿಣಾಮ ಮತ್ತು ಅದರ ಕಾನ್ಫಿಡೆನ್ಸ್ ಇಂಟರ್ವಲ್ ತೋರಿಸಿ. ಸುಮ್ನೆ ಸೇರಿಸಿ ನೋಡಿದ್ದಾದರೆ ಮಾತು ಬೇರೆ. ಮೊದಲೇ ಯೋಚಿಸಿದ್ದಿರಾ?

ಪ್ರಾಜೆಕ್ಟ್ ವಿದ್ಯಾರ್ಥಿ: ಗೈಡ್ ಹೇಳಿದ್ರು, ಸೇರಿಸಿದೆ. ಅವರನ್ನೇ ಕೇಳಬೇಕು.