ಪದಚರ್ಚೆ: ‘ಕೀಟೋನ್ ಕಾಯ’ ಸರಿಯೇ? ‘ಬೀಟಾ’ ಯಾವುದರ ಹೆಸರು?

ಎಲ್ಲರಿಗೂ ನಮಸ್ಕಾರ.

ಬಹಳ ದಿನ ಊಟ ಬಿಟ್ಟರೆ ದೇಹದೊಳಗೆ ಏನಾಗುತ್ತದೆ ಎಂಬ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಡಾಕ್ಟರುಗಳಲ್ಲ, ನಮ್ಮ ನಿಮ್ಮಂಥವರು. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ‘ಕೀಟೋನ್ ಬಾಡೀಸ್’. ಹೆಚ್ಚು ಯೋಚಿಸದೆ ‘ಕೀಟೋನ್ ಕಾಯಗಳು’ ಎಂದು ಬರೆದೆ. ಕರಡು ತಿದ್ದುವವರು ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಕೀಟದ ಕಾಯವೇ? ಉಪವಾಸಕ್ಕೂ ಹುಳಕ್ಕೂ ಏನು ಸಂಬಂಧ?’ ಎಂದು ಗೀಚಿ ಕಳಿಸಿದರು. ನಗು ಬಂತು. ಆಮೇಲೆ ನೋಡಿದರೆ ನನಗೂ ಅದು ಹುಳದ ಹಾಗೇ ಕಾಣತೊಡಗಿತು.

ಎರಡು, ‘ಬೀಟಾ ಆಕ್ಸಿಡೇಷನ್’. ಶಾಲೆಯಲ್ಲಿ ಓದಿದ ‘ಉತ್ಕರ್ಷಣ’ ನೆನಪಿತ್ತು, ಅದನ್ನೇ ಹಾಕಿದೆ. ಈಗ ವಾಕ್ಯ ಹೀಗಿದೆ: ‘ಉಪವಾಸದ ಸಮಯದಲ್ಲಿ ಕೊಬ್ಬಿನಾಮ್ಲಗಳು ಬೀಟಾ ವಿಧದ ಉತ್ಕರ್ಷಣಕ್ಕೆ ಒಳಗಾಗಿ ಕೀಟೋನ್ ಕಾಯಗಳಾಗಿ ಮಾರ್ಪಡುತ್ತವೆ.’ ವಾಕ್ಯ ನಿಲ್ಲುತ್ತದೆ, ಆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ದಾರಿ ತೋರಿಸಿ.

ವೀಣಾ

---

ವೀಣಾ ಅವರೇ,

‘ಕಾಯ’ ಬಿಡಬೇಡಿ. ‘ಆ್ಯಂಟಿಬಾಡಿ’ಗೆ ‘ಪ್ರತಿಕಾಯ’ ಎಂದು ಕನ್ನಡದಲ್ಲಿ ನೆಲೆಯಾಗಿಬಿಟ್ಟಿದೆ. ಆಕಾಶಕಾಯವೂ ಇದೆ. ಒಂದೇ ಇಂಗ್ಲಿಷ್ ಪದಕ್ಕೆ ಅಲ್ಲೊಂದು ಇಲ್ಲೊಂದು ಕನ್ನಡ ಕೊಟ್ಟರೆ ಓದುವವರಿಗೆ ಗೊಂದಲ ಜಾಸ್ತಿ. ಕೀಟದ ತೊಂದರೆ ತಪ್ಪಿಸಬೇಕಾದರೆ ‘ಕಿಟೋನ್’ ಎಂದು ಹ್ರಸ್ವ ಮಾಡಿ, ಸಾಕು. ರಕ್ತದಲ್ಲಿ ತೇಲುವ ಸಣ್ಣ ಸಣ್ಣ ಕಣಗಳು ತಾನೇ? ಕಾಯ ಎಂದರೆ ತಪ್ಪೇನಿಲ್ಲ.

ಬೀಟಾ ಬಗ್ಗೆ: ಆಲ್ಫಾ, ಬೀಟಾ, ಗಾಮಾ ಎಂದು ವಿಕಿರಣದಲ್ಲಿ ಮೂರು ವಿಧ ಇವೆಯಲ್ಲ, ಹಾಗೆಯೇ ಇದೂ ಎರಡನೆಯ ವಿಧ ಇರಬೇಕು. ‘ಬೀಟಾ ವಿಧದ’ ಸರಿಯಾಗಿಯೇ ಇದೆ.

ನಾಗರಾಜ

---

ನಾಗರಾಜರ ‘ಪ್ರತಿಕಾಯ’ದ ಹೋಲಿಕೆ ಚೆನ್ನಾಗಿದೆ. ಆದರೆ ಅದೇ ಹೋಲಿಕೆ ಎದುರು ವಾದಕ್ಕೂ ಸಾಕ್ಷಿ ಹೇಳುತ್ತದೆ. ಮೆಡಿಕಲ್ ಕಾಲೇಜಿನಲ್ಲಿ ಬಹಳ ವರ್ಷ ಇದನ್ನೇ ಪಾಠ ಮಾಡಿದವಳು ನಾನು, ಸ್ವಲ್ಪ ಉದ್ದ ಬರೆದರೆ ಬೇಸರಿಸಬೇಡಿ.

ಎರಡೂ ಪದ ಜರ್ಮನ್ ಕಡೆಯಿಂದ ಬಂದವು. ಅಲ್ಲಿ ‘ಕ್ಯೋರ್ಪರ್’ ಎಂದರೆ ದೇಹ ಹೌದು, ಆದರೆ ಆ ಕಾಲದ ರಸಾಯನಶಾಸ್ತ್ರಜ್ಞರು ಅದನ್ನು ‘ವಸ್ತು’, ‘ಪದಾರ್ಥ’ ಎಂಬ ಅರ್ಥದಲ್ಲೂ ಧಾರಾಳವಾಗಿ ಬಳಸುತ್ತಿದ್ದರು. 1891ರಲ್ಲಿ ಪಾಲ್ ಎರ್ಲಿಖ್ ‘ಆಂಟಿಕ್ಯೋರ್ಪರ್’ ಎಂದು ಬರೆದಾಗ ಅದರ ಆಕಾರ ಯಾರೂ ಕಂಡಿರಲಿಲ್ಲ. ಕೀಟೋನ್ ಬಾಡಿಯಲ್ಲಿರುವ ‘ಬಾಡಿ’ಯೂ ಅಂಥದ್ದೇ. ಅದು ತೇಲುವ ಕಣವಲ್ಲ. ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ ರಕ್ತದಲ್ಲಿ ಪೂರ್ತಿ ಕರಗಿರುವ ಪುಟ್ಟ ಅಣು. ಯಾವ ಸೂಕ್ಷ್ಮದರ್ಶಕ ತಂದರೂ ‘ಕಾಯ’ ಕಾಣುವುದಿಲ್ಲ.

ಇನ್ನೂ ಒಂದು ತಮಾಷೆ ಇದೆ. ಈ ಗುಂಪಿನಲ್ಲಿ ಮೂರು ವಸ್ತು: ಅಸಿಟೋ ಅಸಿಟೇಟ್, ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್, ಅಸಿಟೋನ್. ಉಪವಾಸ ಉದ್ದವಾದಂತೆ ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ನಡುವಿನದು. ಅದು ಕೀಟೋನೇ ಅಲ್ಲ! ಅಂದರೆ ಹೆಸರಿನಲ್ಲಿರುವ ಎರಡು ಪದಗಳಲ್ಲಿ ಎರಡೂ ಅರ್ಧಂಬರ್ಧ. ಆದ್ದರಿಂದ ‘ಕೀಟೋನ್ ವಸ್ತುಗಳು’ ಎನ್ನಿ, ಇಲ್ಲವೇ ಸುಮ್ನೆ ‘ಕೀಟೋನುಗಳು’ ಎನ್ನಿ. ನನ್ನ ಓಟು ಎರಡನೆಯದಕ್ಕೆ.

ಬೀಟಾ ಮಾತ್ರ ವಿಧವಲ್ಲ, ವಿಳಾಸ. ಕೊಬ್ಬಿನಾಮ್ಲ ಎಂದರೆ ಇಂಗಾಲದ ಉದ್ದ ಸರ. ಒಂದು ತುದಿಯಲ್ಲಿ ಆಮ್ಲದ ಗುಂಪು. ಆ ಗುಂಪಿನ ಪಕ್ಕದ ಇಂಗಾಲ ಆಲ್ಫಾ, ಅದರ ಮುಂದಿನದು ಬೀಟಾ. ಆಕ್ಸಿಡೇಷನ್ ನಡೆಯುವುದು ಆ ಬೀಟಾ ಇಂಗಾಲದ ಮೇಲೆ. ಅದಾದ ಮೇಲೆ ಆಲ್ಫಾ ಮತ್ತು ಬೀಟಾ ನಡುವೆ ಸರ ತುಂಡಾಗುತ್ತದೆ. ಎರಡು ಇಂಗಾಲದ ತುಣುಕು ಕೈಗೆ ಬರುತ್ತದೆ, ಉಳಿದ ಸರ ಮತ್ತೆ ಅದೇ ಕತ್ತರಿಗೆ ಹೋಗುತ್ತದೆ. ‘ಬೀಟಾ ಹೈಡ್ರಾಕ್ಸಿ’ಯಲ್ಲಿರುವ ಬೀಟಾ ಕೂಡ ಇದೇ ವಿಳಾಸ.

ಎರಡೆರಡಾಗಿ ಕತ್ತರಿಸುತ್ತದೆ ಎಂದು ಗೊತ್ತಾದ ಬಗೆ ಸೊಗಸಾಗಿದೆ. 1904ರಲ್ಲಿ ಫ್ರಾನ್ಸ್ ಕ್ನೂಪ್ ಎಂಬ ಜರ್ಮನ್ ವಿಜ್ಞಾನಿ ಕೊಬ್ಬಿನಾಮ್ಲದ ಬಾಲಕ್ಕೆ ಬೆಂಜೀನಿನ ಬಳೆಯೊಂದನ್ನು ಸಿಕ್ಕಿಸಿ ನಾಯಿಗಳಿಗೆ ತಿನ್ನಿಸಿದ. ಆ ಬಳೆಯನ್ನು ನಾಯಿಯ ದೇಹ ಸುಡಲಾರದು, ಮೂತ್ರದಲ್ಲಿ ಹೊರಬರುತ್ತದೆ. ಸರದಲ್ಲಿ ಇಂಗಾಲ ಬೆಸವಾಗಿದ್ದರೆ ಬಳೆಯ ಜೊತೆ ಒಂದು ಇಂಗಾಲ ಉಳಿದು ಬಂತು, ಸಮವಾಗಿದ್ದರೆ ಎರಡು. ಒಂದೊಂದಾಗಿ ಕತ್ತರಿಸುತ್ತಿದ್ದರೆ ಸಮ, ಬೆಸ ಎಂಬ ಭೇದ ಕಾಣಿಸುತ್ತಲೇ ಇರಲಿಲ್ಲ.

ರೇಣುಕಾ

---

ರೇಣುಕಾ ಮೇಡಂ, ಪಾಮಿಟಿಕ್ ಆಮ್ಲದಲ್ಲಿ 16 ಇಂಗಾಲ ಎಂದು ಓದಿದ ನೆನಪು. ಎರಡೆರಡಾಗಿ ಕತ್ತರಿಸಿದರೆ 8 ಸುತ್ತು, ಅಲ್ವಾ? ನನ್ನ ಮೂಲ ಬರಹದಲ್ಲಿ ‘7 ಸುತ್ತು’ ಎಂದಿದೆ. ಅಚ್ಚಿನ ತಪ್ಪೆಂದು ತಿದ್ದಿಬಿಟ್ಟಿದ್ದೇನೆ.

ವೀಣಾ

---

ತಿದ್ದಿದ್ದನ್ನು ವಾಪಸ್ ತಿದ್ದಿ! ಕಬ್ಬಿನ ಜಲ್ಲೆ ನೆನಪಿಸಿಕೊಳ್ಳಿ. ಎಂಟು ತುಂಡು ಬೇಕಾದರೆ ಮಚ್ಚಿನ ಏಟು ಏಳೇ. ಕೊನೆಯ ಏಟಿಗೆ ಎರಡು ತುಂಡು ಒಟ್ಟಿಗೆ ಸಿಗುತ್ತವೆ. ಪರೀಕ್ಷೆಯಲ್ಲಿ ಪ್ರತಿ ವರ್ಷ ಅರ್ಧ ಕ್ಲಾಸು ಇಲ್ಲೇ ಬೀಳುತ್ತಿತ್ತು.

ನಿಮ್ಮ ವಾಕ್ಯದಲ್ಲಿ ನನಗೆ ನಿಜವಾಗಿ ಚುಚ್ಚಿದ್ದು ‘ಮಾರ್ಪಡುತ್ತವೆ’. ಅದು ಎರಡು ಬೇರೆ ಕೆಲಸಗಳನ್ನು ಒಂದೇ ಪದದಲ್ಲಿ ಮುಚ್ಚಿಹಾಕುತ್ತದೆ. ಬೀಟಾ ಆಕ್ಸಿಡೇಷನ್ ಎಂದರೆ ಕತ್ತರಿಸುವುದು. ಕೀಟೋನ್ ಆಗುವುದು ಎಂದರೆ ಕತ್ತರಿಸಿದ ತುಣುಕುಗಳನ್ನು ಮತ್ತೆ ಜೋಡಿಸುವುದು. ಕತ್ತರಿಸಿದ್ದನ್ನು ಯಾಕೆ ಜೋಡಿಸಬೇಕು ಎಂಬುದೇ ಈ ಕತೆಯ ಜೀವ.

ಆ ಎರಡು ಇಂಗಾಲದ ತುಣುಕು ಸಾಮಾನ್ಯವಾಗಿ ಆಕ್ಸಲೋ ಅಸಿಟೇಟ್ ಎಂಬ ಜೊತೆಗಾರನ ಕೈ ಹಿಡಿದು ಸಿಟ್ರಿಕ್ ಆಮ್ಲದ ಚಕ್ರಕ್ಕೆ ಹೋಗಿ ಪೂರ್ತಿ ಉರಿಯುತ್ತದೆ. ಉಪವಾಸದಲ್ಲಿ ಯಕೃತ್ತಿಗೆ ಇನ್ನೊಂದು ಕೆಲಸ ಬೀಳುತ್ತದೆ. ಕೂಡಿಟ್ಟ ಗ್ಲೈಕೋಜನ್ ಸುಮಾರು ಒಂದು ದಿನಕ್ಕೆ ಖಾಲಿ. ಆಮೇಲೆ ಹೊಸದಾಗಿ ಗ್ಲೂಕೋಸ್ ತಯಾರಿಸಬೇಕು, ಅದಕ್ಕೆ ಆ ಜೊತೆಗಾರನನ್ನೇ ಎಳೆದುಕೊಳ್ಳುತ್ತದೆ. ಇತ್ತ ಕೊಬ್ಬಿನ ಕಡೆಯಿಂದ ತುಣುಕುಗಳು ಪ್ರವಾಹದಂತೆ ಬರುತ್ತಿವೆ, ಕೈ ಹಿಡಿಯುವವರಿಲ್ಲ. ಆಗ ಯಕೃತ್ತು ತುಣುಕುಗಳನ್ನೇ ಜೋಡಿಸಿ ನಾಲ್ಕು ಇಂಗಾಲದ ಅಸಿಟೋ ಅಸಿಟೇಟ್ ಮಾಡುತ್ತದೆ. ಎಂಟೂ ತುಣುಕು ಈ ದಾರಿ ಹಿಡಿದರೆ ಒಂದು ಪಾಮಿಟಿಕ್ ಆಮ್ಲಕ್ಕೆ ನಾಲ್ಕು ಅಸಿಟೋ ಅಸಿಟೇಟ್. ಮಾಡಿದ್ದನ್ನು ತಾನು ಬಳಸಲು ಬೇಕಾದ ಕಿಣ್ವ ಮಾತ್ರ ಯಕೃತ್ತಿನಲ್ಲಿ ಇಲ್ಲ. ಬಡಿಸುವುದಷ್ಟೇ ಅದರ ಕೆಲಸ, ಉಣ್ಣುವುದು ಮಿದುಳು, ಹೃದಯ, ಸ್ನಾಯು.

ಅದರಲ್ಲೂ ಮಿದುಳು. ಬಾಸ್ಟನ್ನಿನಲ್ಲಿ ಆಲಿವರ್ ಓವೆನ್, ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು ಬಹಳ ದಪ್ಪಗಿದ್ದ ಮೂವರನ್ನು ಐದಾರು ವಾರ ಉಪವಾಸದಲ್ಲಿಟ್ಟು, ಮಿದುಳಿಗೆ ಹೋಗುವ ರಕ್ತ ಮತ್ತು ಅಲ್ಲಿಂದ ಬರುವ ರಕ್ತ ಎರಡನ್ನೂ ಅಳೆದರು. ಮಿದುಳಿನ ಇಂಧನದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಕೀಟೋನುಗಳೇ ಆಗಿದ್ದವು. ಅದು ಪ್ರಕಟವಾದದ್ದು 1967ರಲ್ಲಿ. ಅಲ್ಲಿಯವರೆಗೆ ಮಿದುಳಿಗೆ ಗ್ಲೂಕೋಸ್ ಬಿಟ್ಟು ಬೇರೆ ಗತಿಯಿಲ್ಲ ಎಂದೇ ಪಾಠ. ಕೊಬ್ಬಿನಾಮ್ಲ ನೇರವಾಗಿ ಮಿದುಳಿಗೆ ಇಂಧನವಾಗಿ ಒದಗುವುದಿಲ್ಲ, ಮನುಷ್ಯನ ದೇಹ ಅದನ್ನು ಗ್ಲೂಕೋಸ್ ಆಗಿ ಮಾಡಲೂ ಆರದು. ಕೀಟೋನ್ ಇಲ್ಲದಿದ್ದರೆ ಮಿದುಳಿಗಾಗಿ ಸ್ನಾಯುವಿನ ಪ್ರೋಟೀನನ್ನೇ ಗ್ಲೂಕೋಸಿಗೆ ಕರಗಿಸುತ್ತಾ ಹೋಗಬೇಕಾಗುತ್ತಿತ್ತು.

ರೇಣುಕಾ

---

ನಾನು ಪದದ ವಿಷಯ ಕೇಳುತ್ತಿಲ್ಲ, ಕ್ಷಮಿಸಿ. ಎಷ್ಟೋ ವರ್ಷದಿಂದ ಏಕಾದಶಿ ಮಾಡುತ್ತಿದ್ದೇನೆ. ಮೊನ್ನೆ ಮಗ ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ ತಂದುಕೊಟ್ಟ. ಸಂಜೆ ಅದ್ದಿ ನೋಡಿದೆ, ಬಣ್ಣವೇ ಬರಲಿಲ್ಲ. ಬೆಳಗ್ಗೆ ಸಬ್ಬಕ್ಕಿ ಉಪ್ಪಿಟ್ಟು, ಮಧ್ಯಾಹ್ನ ಎರಡು ಬಾಳೆಹಣ್ಣು, ಹಾಲು, ಅಷ್ಟೇ ತಿಂದದ್ದು. ನನ್ನ ಉಪವಾಸ ಉಪವಾಸವೇ ಅಲ್ಲವಾ ಹಾಗಾದರೆ? ಪಟ್ಟಿ ಹಾಳಾಗಿದೆಯಾ?

ಶ್ರೀಕಂಠ

---

ಶ್ರೀಕಂಠರೇ, ದೇವರ ಲೆಕ್ಕದಲ್ಲಿ ಉಪವಾಸವೇ, ಅದರಲ್ಲಿ ನಾನು ಕೈಹಾಕುವುದಿಲ್ಲ. ಯಕೃತ್ತಿನ ಲೆಕ್ಕದಲ್ಲಿ ಅಲ್ಲ. ಸಬ್ಬಕ್ಕಿ ಎಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ತಿಂದ ಕೂಡಲೇ ಇನ್ಸುಲಿನ್ ಏರುತ್ತದೆ, ಕೊಬ್ಬಿನ ಉಗ್ರಾಣಕ್ಕೆ ಬೀಗ ಬೀಳುತ್ತದೆ. ತುಣುಕುಗಳ ಪ್ರವಾಹವೇ ಇಲ್ಲದ ಮೇಲೆ ಜೋಡಿಸುವುದೇನನ್ನು?

ಪಟ್ಟಿಯದ್ದು ಬೇರೆ ಕತೆ. ಅದು ನೇರಳೆ ಬಣ್ಣಕ್ಕೆ ತಿರುಗುವುದು ಮುಖ್ಯವಾಗಿ ಅಸಿಟೋ ಅಸಿಟೇಟಿಗೆ. ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಅದರ ಕಣ್ಣಿಗೆ ಬೀಳುವುದಿಲ್ಲ. ವಾರಗಟ್ಟಲೆ ಉಪವಾಸವಿದ್ದರೆ ಅದು ರಕ್ತದಲ್ಲಿ ಲೀಟರಿಗೆ 5-6 ಮಿಲಿಮೋಲ್ ತನಕ ಹೋಗುತ್ತದೆ, ಅಸಿಟೋ ಅಸಿಟೇಟ್ ಅದಕ್ಕಿಂತ ಎಷ್ಟೋ ಕಡಿಮೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಸಾಲದೆ ಆಸ್ಪತ್ರೆ ಸೇರಿದಾಗ ಇದು ದಾರಿ ತಪ್ಪಿಸುತ್ತದೆ. ಚಿಕಿತ್ಸೆ ಹತ್ತಿದಂತೆ ಹೈಡ್ರಾಕ್ಸಿ ತಿರುಗಿ ಅಸಿಟೋ ಅಸಿಟೇಟ್ ಆಗುತ್ತದೆ. ರೋಗಿ ಚೇತರಿಸಿಕೊಳ್ಳುತ್ತಿರುತ್ತಾನೆ, ಪಟ್ಟಿ ಮಾತ್ರ ಇನ್ನಷ್ಟು ನೇರಳೆ! ಅದಕ್ಕೇ ಈಗ ಬೆರಳು ಚುಚ್ಚಿ ರಕ್ತದಲ್ಲಿ ಹೈಡ್ರಾಕ್ಸಿಯನ್ನೇ ಅಳೆಯುತ್ತಾರೆ.

ನಿಮಗೆ ಸಕ್ಕರೆ ಕಾಯಿಲೆ ಇದ್ದು, ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ನಿರಾಹಾರದ ಸಾಹಸಕ್ಕೆ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಆ ಮಾತ್ರೆಯವರಲ್ಲಿ ರಕ್ತದ ಸಕ್ಕರೆ ಅಷ್ಟೇನೂ ಏರದೆಯೂ ಕೀಟೋನುಗಳು ಅಪಾಯದ ಮಟ್ಟಕ್ಕೆ ಹೋಗಬಹುದು.

ರೇಣುಕಾ

---

ನನ್ನದೊಂದು ತಕರಾರು. ‘ಉತ್ಕರ್ಷಣ’ ಯಾಕೆ? ‘ಉರಿಸುವಿಕೆ’ ಎನ್ನಬಾರದೇ? ಅಥವಾ ನಮ್ಮ ಜನ ಆಡುವಂತೆ ‘ಕೊಬ್ಬು ಕರಗುವುದು’. ಕನ್ನಡದಲ್ಲಿ ಕೊಬ್ಬು ಉರಿಯುವುದಿಲ್ಲ, ಕರಗುತ್ತದೆ.

ಚೇತನ್

---

ಚೇತನ್, ‘ಕರಗು’ ನನಗೂ ಇಷ್ಟ. ಉಗ್ರಾಣದಿಂದ ಕೊಬ್ಬಿನಾಮ್ಲ ರಕ್ತಕ್ಕೆ ಬರುವ ಮೊದಲ ಹಂತಕ್ಕೆ ಅದನ್ನು ಇಟ್ಟುಕೊಳ್ಳುತ್ತೇನೆ. ಬೀಟಾ ಹಂತಕ್ಕೆ ‘ಉರಿ’ ಹಾಕಿದರೆ ಪೂರ್ತಿ ಬೂದಿಯಾದಂತೆ ಕೇಳುತ್ತದೆ, ಅಲ್ಲಿ ಆಗುವುದು ತುಂಡು. ಈಗಿನ ಕರಡು ಇದು:

‘ಹೊಟ್ಟೆಗೇನೂ ಇಲ್ಲದಾಗ ಕೂಡಿಟ್ಟ ಕೊಬ್ಬು ಕರಗಿ ಕೊಬ್ಬಿನಾಮ್ಲಗಳು ರಕ್ತಕ್ಕೆ ಬರುತ್ತವೆ. ಯಕೃತ್ತು ಅವನ್ನು ಬೀಟಾ ಇಂಗಾಲದ ಬಳಿ ಎರಡೆರಡು ಇಂಗಾಲದ ತುಣುಕಾಗಿ ಕತ್ತರಿಸುತ್ತದೆ. ಉರಿಸಿ ಮುಗಿಸಲಾರದಷ್ಟು ತುಣುಕು ಸೇರಿದಾಗ ಅವನ್ನು ಜೋಡಿಸಿ ಕೀಟೋನುಗಳನ್ನು ಮಾಡಿ ಮಿದುಳಿಗೆ ಕಳಿಸುತ್ತದೆ.’

‘ಬೀಟಾ ಆಕ್ಸಿಡೇಷನ್’ ಪದವನ್ನು ಒಂದೇ ಸಲ, ಎರಡನೆಯ ವಾಕ್ಯದ ನಂತರ ಹೆಸರಾಗಿ ಹೇಳುತ್ತೇನೆ. ಇನ್ನು ಶ್ರೀಕಂಠರ ಸಬ್ಬಕ್ಕಿಯಿಂದ ‘ಉಪವಾಸ’ವೇ ಅನುಮಾನಕ್ಕೆ ಬಂದಿದೆ. ನಮ್ಮಜ್ಜಿ ‘ನಿಟ್ಟುಪವಾಸ’ ಎನ್ನುತ್ತಿದ್ದರು. ತಲೆಬರಹಕ್ಕೆ ಅದು ಹೇಗೆ?

ವೀಣಾ

---

‘ಕಾಯ’ದಲ್ಲಿ ಸೋತೆ, ಬೀಟಾದಲ್ಲೂ ಸೋತೆ. ಇದರಲ್ಲಿ ಬಿಡುವುದಿಲ್ಲ. ನಮ್ಮ ಕಡೆ ನಿಟ್ಟುಪವಾಸ ಎಂದರೆ ತೊಟ್ಟು ನೀರೂ ಇಲ್ಲ. ಬಾಸ್ಟನ್ನಿನ ಆ ಮೂವರು ಐದಾರು ವಾರ ನೀರು ಕುಡಿಯದೆ ಇದ್ದರೇ?

ನಾಗರಾಜ

---

ಇಲ್ಲ, ನೀರು, ಉಪ್ಪು, ವಿಟಮಿನ್ ಕೊಡುತ್ತಿದ್ದರು. ಆದರೆ ನಮ್ಮ ಕಡೆ ನಿಟ್ಟುಪವಾಸದಲ್ಲಿ ನೀರು ಕುಡಿಯುತ್ತಾರಪ್ಪ.

ರೇಣುಕಾ